ತಡೆಗೋಡೆಯ ಜಾಲಬಿರುಕು: ಅಲ್ಕಲಿ-ಸಿಲಿಕಾ ಕ್ರಿಯೆಯೇ ಎಂದು ಪತ್ತೆ ಮಾಡುವುದು ಹೇಗೆ?

ನಮ್ಮ ಕಡೆ ಕಾಂಕ್ರೀಟ್ ಬಿರುಕು ಬಿಟ್ಟರೆ ಮೊದಲು ಬೈಸಿಕೊಳ್ಳುವವರು ಮೇಸ್ತ್ರಿ. ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆಗೆ ಗೋಡೆ ನೋಡಲು ಹೋದಾಗಲೂ ಯಜಮಾನರು ಹೇಳಿದ್ದು ಅದನ್ನೇ. "ಸಿಮೆಂಟ್ ಕಮ್ಮಿ ಹಾಕಿದಾರೆ ಕಣ್ರೀ, ನೋಡಿ ಹೆಂಗಾಗಿದೆ." ಆ ಗೋಡೆಗೆ ಸಿಮೆಂಟ್ ಕಮ್ಮಿ ಬಿದ್ದಿರಲಿಲ್ಲ, ಜಾಸ್ತಿಯೇ ಬಿದ್ದಿತ್ತು. ಅಲ್ಲಿದ್ದ ದೋಷ ಸಿಮೆಂಟ್ ಹೆಚ್ಚಿದಷ್ಟೂ ಹೆಚ್ಚುವಂಥದ್ದು. ಇಂಥ ಗೋಡೆಯನ್ನು ಯಾವ ಕ್ರಮದಲ್ಲಿ ಪರೀಕ್ಷಿಸಬೇಕು ಎಂಬುದನ್ನು ಅದೇ ಗೋಡೆಯನ್ನು ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಒಳಗೆ ಏನಾಗುತ್ತದೆ ಎಂದು ತಿಳಿಯೋಣ. ಗಟ್ಟಿಯಾದ ಕಾಂಕ್ರೀಟಿನೊಳಗೂ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು ಉಳಿದಿರುತ್ತದೆ. ಸಿಮೆಂಟಿನಲ್ಲಿರುವ ಸೋಡಿಯಂ, ಪೊಟ್ಯಾಸಿಯಂ ಆ ನೀರಿನಲ್ಲಿ ಕರಗಿ ಅದನ್ನು ತೀಕ್ಷ್ಣ ಕ್ಷಾರ ಮಾಡುತ್ತವೆ. ಅದರ ಪಿಎಚ್ 13ಕ್ಕಿಂತ ಮೇಲಿರುತ್ತದೆ. ಜಲ್ಲಿ ಅಥವಾ ಮರಳಿನಲ್ಲಿ ಸರಿಯಾಗಿ ಹರಳುಗಟ್ಟದ ಸಿಲಿಕಾ ಇದ್ದರೆ ಈ ಕ್ಷಾರ ಅದನ್ನು ಮೆಲ್ಲಗೆ ಕರಗಿಸಿ ಅಂಟಿನಂಥ ಜೆಲ್ ಮಾಡುತ್ತದೆ. ಆ ಜೆಲ್ ನೀರು ಹೀರಿ ಉಬ್ಬುತ್ತದೆ. ಕಾಂಕ್ರೀಟ್ ಅದುಮಿದರೆ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಎಳೆತ ತಡೆಯುವ ಶಕ್ತಿ ಅದುಮು ತಡೆಯುವ ಶಕ್ತಿಯ ಸುಮಾರು ಹತ್ತರಲ್ಲೊಂದು ಪಾಲು ಅಷ್ಟೇ. ಹಾಗಾಗಿ ಒಳಗಿನಿಂದ ಉಬ್ಬಿದಾಗ ಅದು ಸೀಳುತ್ತದೆ. ಇದಕ್ಕೇ ಅಲ್ಕಲಿ-ಸಿಲಿಕಾ ಕ್ರಿಯೆ ಎನ್ನುತ್ತಾರೆ.

ಇದು ನಡೆಯಲು ಮೂರೂ ಸೇರಬೇಕು: ಕ್ರಿಯಾಶೀಲ ಕಲ್ಲು, ಸಾಕಷ್ಟು ಕ್ಷಾರ, ಮತ್ತು ತೇವ. ಕಾಂಕ್ರೀಟಿನ ಒಳಗಿನ ತೇವಾಂಶ ಶೇ. 80ಕ್ಕಿಂತ ಕೆಳಗಿದ್ದರೆ ಕ್ರಿಯೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಹೊರಗೆ ನಿಂತ ಗೋಡೆಗೆ ಆ ಭಾಗ್ಯ ಎಲ್ಲಿಂದ ಬರಬೇಕು? ಮೂರನೆಯದು ಇಲ್ಲಿ ಪುಕ್ಕಟೆ. ಹಾಗಾಗಿ ನಮ್ಮ ಲಕ್ಷ್ಯವೆಲ್ಲ ಮೊದಲ ಎರಡರ ಮೇಲೆ ಇರಬೇಕು.

ಗೋಡೆಯನ್ನು ನೋಡುವ ಕ್ರಮ

ಆ ಗೋಡೆ ಅಡಿಕೆ ಒಣಗಿಸುವ ಅಂಗಳದ ಹಿಂದಿನ ಧರೆಗೆ ಕಟ್ಟಿದ್ದು. ಎತ್ತರ ಸುಮಾರು ಎರಡೂವರೆ ಮೀಟರ್. ದಪ್ಪ ಕಾಂಕ್ರೀಟ್, ಒಳಗೆ ಸರಳು ಕಮ್ಮಿ. ಕಟ್ಟಿ 14 ವರ್ಷವಾಗಿತ್ತು. ಒಂದು ತುದಿ ಧರೆಯನ್ನು ದಾಟಿ ಅಡಿಕೆ ಬೇಯಿಸುವ ಕೊಟ್ಟಿಗೆಯ ಮಾಡಿನ ಕೆಳಗೆ ಬಂದು ನಿಂತಿತ್ತು. ಅಲ್ಲಿ ಹಿಂದೆ ಮಣ್ಣಿಲ್ಲ, ಮೇಲಿನಿಂದ ಮಳೆಯಿಲ್ಲ.

ಮೊದಲ ಪ್ರಶ್ನೆ: ಬಿರುಕು ಯಾವಾಗ ಕಾಣಿಸಿತು? ಕಾಂಕ್ರೀಟ್ ಸುರಿದ ದಿನವೇ ಬಿಟ್ಟ ಬಿರುಕು ಮೇಲ್ಮೈ ಬೇಗ ಒಣಗಿದ್ದರಿಂದ ಬಂದದ್ದು. ಮೊದಲ ಒಂದೆರಡು ಬೇಸಿಗೆಯಲ್ಲಿ ಬಂದು ಆಮೇಲೆ ಹಾಗೇ ನಿಂತಿದ್ದರೆ ಅದು ಒಣಗಿ ಕುಗ್ಗಿದ ಬಿರುಕು. ಅಲ್ಕಲಿ-ಸಿಲಿಕಾ ಕ್ರಿಯೆಗೆ ವರ್ಷಗಳು ಬೇಕು. ಕಲ್ಲು ತುಂಬಾ ಚುರುಕಾಗಿದ್ದರೆ ಐದು ವರ್ಷದೊಳಗೂ ಕಾಣಬಹುದು. ನಿಧಾನದ ಕಲ್ಲಾದರೆ ಹತ್ತು, ಹದಿನೈದು, ಇನ್ನೂ ಜಾಸ್ತಿ. ಈ ಮನೆಯವರು ಎಂಟನೇ ವರ್ಷದ ಹೊತ್ತಿಗೆ ಗಮನಿಸಿದ್ದರು. ಪ್ರತಿ ಮಳೆಗಾಲ ಕಳೆದ ಮೇಲೆ ಒಂದಿಷ್ಟು ಹೆಚ್ಚಿದಂತೆ ಅನಿಸುತ್ತಿತ್ತಂತೆ. ಸಂಶಯ ಪಡಲು ಇಷ್ಟು ಸಾಕು, ತೀರ್ಮಾನಕ್ಕೆ ಸಾಲದು.

ಎರಡನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು: ಒಂದೇ ಕಾಂಕ್ರೀಟಿನ ಒದ್ದೆ ಜಾಗ ಮತ್ತು ಒಣ ಜಾಗವನ್ನು ಹೋಲಿಸಿ. ಇಲ್ಲಿ ಮಾಡಿನ ಕೆಳಗಿದ್ದ ತುದಿಯಲ್ಲಿ ಕೂದಲೆಳೆಯಂಥ ಎರಡು ಮೂರು ಗೆರೆ ಬಿಟ್ಟರೆ ಏನೂ ಇರಲಿಲ್ಲ. ಧರೆಗೆ ಒರಗಿದ ಭಾಗದಲ್ಲಿ, ಅದರಲ್ಲೂ ಮಳೆ ನೇರ ಬೀಳುವ ತಲೆಯ ಭಾಗದಲ್ಲಿ, ಬಿರುಕು ತುಂಬಿತ್ತು. ಅದೇ ಜಲ್ಲಿ, ಅದೇ ಸಿಮೆಂಟ್, ಅದೇ ಮೇಸ್ತ್ರಿ. ಬೇರೆ ಇದ್ದದ್ದು ನೀರು ಒಂದೇ. ಸಿಮೆಂಟ್ ಕಮ್ಮಿಯಾಗಿದ್ದರೆ ಎರಡೂ ಕಡೆ ಕಾಣಬೇಕಿತ್ತಲ್ವಾ?

ಮೂರನೆಯದು ಬಿರುಕಿನ ನಕ್ಷೆ. ಹತ್ತಿರ ಹೋಗಿ ನೋಡಿದರೆ ಒಂದು ಬಿಂದುವಿನಿಂದ ಮೂರು ಕವಲು ಹೊರಟಿರುತ್ತವೆ. ಕವಲುಗಳು ಪಕ್ಕದ ಕವಲುಗಳನ್ನು ಸೇರಿ ಅಂಗೈಯಗಲದ, ಕೆಲವು ಕಡೆ ಮೊರದಗಲದ ಮನೆಗಳಾಗುತ್ತವೆ. ಬಿರುಕಿನ ಎರಡೂ ಅಂಚಿನಲ್ಲಿ ಕಾಂಕ್ರೀಟ್ ಕಪ್ಪಾಗಿ, ಸದಾ ಒದ್ದೆಯಾದಂತೆ ಕಾಣುತ್ತದೆ. ಮಳೆ ನಿಂತು ಗೋಡೆ ಒಣಗಿದ ಮೇಲೂ ಆ ಪಟ್ಟಿ ಮಾಸುವುದಿಲ್ಲ. ಇದನ್ನು ನೋಡಲು ಮೊದಲು ಪಾಚಿ ಉಜ್ಜಿ ತೆಗೆಯಬೇಕು. ನಮ್ಮಲ್ಲಿ ಪಾಚಿಯ ಕಪ್ಪನ್ನೇ ಈ ಕಪ್ಪು ಎಂದುಕೊಳ್ಳುವುದು ಸುಲಭ. ಗಿಲಾವ್ ಇದ್ದರೆ ಒಂದು ಚೌಕ ಕೆತ್ತಿ ಒಳಗಿನ ಕಾಂಕ್ರೀಟನ್ನೇ ನೋಡಿ. ಗಿಲಾವಿನ ಮೇಲಷ್ಟೇ ಇರುವ ಜಾಲ ಬರೀ ಚರ್ಮದ ಬಿರುಕು.

ಈ ನಕ್ಷೆ ಎಲ್ಲ ಕಡೆ ಹೀಗೇ ಇರುವುದಿಲ್ಲ ಎಂಬುದು ನೆನಪಿರಲಿ. ಯಾವ ದಿಕ್ಕಿಗೆ ಉಬ್ಬಲು ಬಿಡುವಿದೆಯೋ ಕಾಂಕ್ರೀಟ್ ಆ ದಿಕ್ಕಿಗೆ ಉಬ್ಬುತ್ತದೆ. ಸರಳು ಕಮ್ಮಿ ಇರುವ ಗೋಡೆ, ಅಡಿಪಾಯದ ದಿಮ್ಮಿ, ಸೇತುವೆಯ ರೆಕ್ಕೆಗೋಡೆ ಇಂಥವುಗಳಲ್ಲಿ ಜಾಲ ಚೆನ್ನಾಗಿ ಮೂಡುತ್ತದೆ. ಕಂಬದಲ್ಲಿ ಉದ್ದ ಸರಳುಗಳು ಉದ್ದಕ್ಕೆ ಉಬ್ಬಲು ಬಿಡುವುದಿಲ್ಲ. ಹಾಗಾಗಿ ಅಲ್ಲಿ ಬಿರುಕು ಸರಳಿನ ಗುಂಟ ಮೇಲಿಂದ ಕೆಳಕ್ಕೆ ಹೋಗುತ್ತದೆ. ಅದನ್ನು ನೋಡಿ ತುಕ್ಕು ಅಂದುಕೊಳ್ಳುವವರು ಬಹಳ. ತುಕ್ಕಾದರೆ ಕೆಂಪು ಕಲೆ ಇರುತ್ತದೆ, ಸುತ್ತಿಗೆಯಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಹಾಗೆಂದು ಎರಡೂ ಒಟ್ಟಿಗೆ ಇರಬಾರದು ಎಂದೇನಿಲ್ಲ. ಮೊದಲು ಬಿರುಕು ಬಿಟ್ಟು, ಅದರಲ್ಲಿ ನೀರಿಳಿದು ತುಕ್ಕು ಹಿಡಿದಿರಬಹುದು.

ನಾಲ್ಕನೆಯದು ಗೋಡೆಯ ತುಂಡುಗಳ ನಡುವಿನ ಜಾಯಿಂಟ್. ಉಬ್ಬುವ ದೋಷವನ್ನು ಕುಗ್ಗುವ ದೋಷದಿಂದ ಬೇರೆ ಮಾಡಲು ಇದಕ್ಕಿಂತ ಸುಲಭದ ಗುರುತಿಲ್ಲ. ಕುಗ್ಗಿದ ಗೋಡೆಯಲ್ಲಿ ಜಾಯಿಂಟ್ ಬಾಯಿ ಬಿಡುತ್ತದೆ. ಈ ಗೋಡೆಯಲ್ಲಿ ಜಾಯಿಂಟಿಗೆ ಇಟ್ಟಿದ್ದ ಡಾಂಬರು ಹಲಗೆ ಹಿಂಡಿ ಹೊರಗೆ ಬಂದಿತ್ತು, ಎರಡು ಬದಿಯ ಕಾಂಕ್ರೀಟ್ ಒಂದಕ್ಕೊಂದು ತಾಗಿ ಅಂಚು ಸಿಡಿದಿತ್ತು. ಯಜಮಾನರು ಅದನ್ನು ಟ್ರ್ಯಾಕ್ಟರ್ ತಾಗಿದ ಗುರುತು ಅಂದುಕೊಂಡಿದ್ದರು.

ಬಿಳಿ ಕಲೆ ಮೋಸ ಮಾಡುತ್ತದೆ

ಬಿರುಕಿನಿಂದ ಇಳಿದ ಬಿಳಿ ಗೆರೆ ನೋಡಿ "ಜೆಲ್ ಬಂದಿದೆ" ಎಂದು ಬರೆಯುವವರಿದ್ದಾರೆ. ಮಲೆನಾಡಿನ ಯಾವ ಹಳೇ ಗೋಡೆಯಲ್ಲಿ ಬಿಳಿ ಗೆರೆ ಇಲ್ಲ ಹೇಳಿ? ಬಹುಪಾಲು ಅದು ಸಿಮೆಂಟಿನ ಸುಣ್ಣ. ನೀರಿನ ಜೊತೆ ಹೊರಗೆ ಬಂದು ಗಾಳಿ ತಾಗಿ ಗಟ್ಟಿಯಾದದ್ದು. ಅದರ ಮೇಲೆ ಎರಡು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೆ ಜೋರಾಗಿ ನೊರೆ ಬರುತ್ತದೆ. ಹೊಸ ಜೆಲ್ ನೊರೆ ಬರಿಸುವುದಿಲ್ಲ. ಅದು ಮೊದಲು ಅಂಟಂಟಾಗಿ, ಒಣಗಿದರೆ ಗಾಜಿನಂತೆ ಅಥವಾ ಬಿಳಿ ಪುಡಿಯಂತೆ ಇರುತ್ತದೆ. ಆದರೆ ಹಳೇ ಜೆಲ್ ಕೂಡ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನೊರೆ ಬರಿಸಬಹುದು, ಸುಣ್ಣದ ಜೊತೆ ಬೆರೆತೂ ಇರಬಹುದು. ಅಂದರೆ ನೊರೆ ಬಂದ ಮಾತ್ರಕ್ಕೆ ಜೆಲ್ ಇಲ್ಲ ಎಂದು ಹೇಳುವ ಹಾಗಿಲ್ಲ. ಹೊರಗಿನ ಕಲೆ ನೋಡಿ ಯಾವ ಕಡೆಗೂ ತೀರ್ಪು ಕೊಡಬೇಡಿ. ಕೈಗೆ ಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಆಸಿಡ್ ಮುಟ್ಟಲೂಬೇಡಿ.

ಬಿರುಕನ್ನು ಅಳೆಯುವುದು

"ತುಂಬಾ ಬಿರುಕು" ಎನ್ನುವುದು ಅಳತೆಯಲ್ಲ. ಗೋಡೆಯ ಮೇಲೆ ಒಂದು ಮೀಟರ್ ಉದ್ದದ ಗೆರೆ ಎಳೆಯಿರಿ, ಒಂದು ಅಡ್ಡ, ಒಂದು ನಿಲುವು. ಗೆರೆಯನ್ನು ದಾಟುವ ಪ್ರತಿ ಬಿರುಕಿನ ಅಗಲವನ್ನು ಬಿರುಕು ಅಳೆಯುವ ಪಾರದರ್ಶಕ ಕಾರ್ಡ್ ಇಟ್ಟು ಬರೆದುಕೊಳ್ಳಿ. ಎಲ್ಲ ಕೂಡಿಸಿ. ಮೀಟರಿಗೆ ಒಟ್ಟು 0.5 ಮಿ.ಮೀ. ದಾಟಿದರೆ, ಅಥವಾ ಒಂದೊಂದೇ ಬಿರುಕು 0.15 ಮಿ.ಮೀ. ದಾಟಿದರೆ, ಮುಂದಿನ ತನಿಖೆಗೆ ಹೋಗಬೇಕು.

ನಮ್ಮ ಗೋಡೆಯ ಒದ್ದೆ ಭಾಗದಲ್ಲಿ ನಿಲುವು ಗೆರೆಯ ಮೇಲೆ 1.1 ಮಿ.ಮೀ., ಅಡ್ಡ ಗೆರೆಯ ಮೇಲೆ 0.7 ಮಿ.ಮೀ. ಬಂತು. ಮಾಡಿನ ಕೆಳಗೆ 0.1 ಕೂಡ ಬರಲಿಲ್ಲ. ನಿಲುವು ಗೆರೆಯಲ್ಲಿ ಜಾಸ್ತಿ ಬಂದದ್ದೂ ಅರ್ಥಪೂರ್ಣ. ಗೋಡೆಗೆ ಅಕ್ಕಪಕ್ಕ ಉಬ್ಬಲು ಪಕ್ಕದ ತುಂಡುಗಳು ಅಡ್ಡ, ಮೇಲಕ್ಕೆ ಯಾರೂ ಅಡ್ಡವಿಲ್ಲ. ಗೆರೆ ಅಳಿಸದ ಹಾಗೆ ಎರಡೂ ತುದಿಗೆ ಸ್ಟೀಲ್ ಮೊಳೆ ಕೂರಿಸಿ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ, ಬೆಳಗಿನ ಅದೇ ಹೊತ್ತಿಗೆ ಅಳೆಯಿರಿ. ಬಿಸಿಲೇರಿದ ಮೇಲೆ ಅಳೆದರೆ ಕಾಂಕ್ರೀಟ್ ಕಾದು ಹಿಗ್ಗಿದ್ದೇ ಲೆಕ್ಕಕ್ಕೆ ಬಂದುಬಿಡುತ್ತದೆ.

ಇಲ್ಲೊಂದು ಎಚ್ಚರಿಕೆ. ಹೊಡೆದು ಗಟ್ಟಿತನ ನೋಡುವ ರಿಬೌಂಡ್ ಹ್ಯಾಮರಿನ ಅಂಕಿ ಚೆನ್ನಾಗಿ ಬಂತು ಎಂದು ಸಮಾಧಾನ ಪಡಬೇಡಿ. ಈ ದೋಷದಲ್ಲಿ ಅದುಮು ಶಕ್ತಿ ಬಹುಕಾಲ ಉಳಿದುಕೊಳ್ಳುತ್ತದೆ. ಮೊದಲು ಹೋಗುವುದು ಎಳೆತದ ಶಕ್ತಿ ಮತ್ತು ಬಿಗಿತನ.

ಕೊನೆಯ ಮಾತು ಕೋರಿನದ್ದು

ಖಚಿತವಾಗಬೇಕಾದರೆ ಗೋಡೆಯನ್ನು ಕೊರೆದು ದುಂಡನೆಯ ಕಾಂಕ್ರೀಟ್ ತುಂಡು, ಅಂದರೆ ಕೋರ್, ತೆಗೆಯಲೇಬೇಕು. ಹೋಲಿಕೆಗಾಗಿ ಬಿರುಕಿರುವ ಭಾಗದಿಂದಲೂ, ಮಾಡಿನ ಕೆಳಗಿನಿಂದಲೂ ತೆಗೆಸಿದೆವು. ತೆಗೆದ ಕೂಡಲೇ ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿಡಬೇಕು, ಒಣಗಲು ಬಿಡಬಾರದು. ಒದ್ದೆ ಭಾಗದ ಕೋರನ್ನು ಮರುದಿನ ಬಿಚ್ಚಿದಾಗ ಕೆಲವು ಜಲ್ಲಿಗಳ ಸುತ್ತ ಬೆವರಿದಂತೆ ಹೊಳೆಯುವ ಕಪ್ಪು ಚುಕ್ಕೆಗಳಿದ್ದವು. ಉಗುರಿನಿಂದ ಮುಟ್ಟಿದರೆ ಅಂಟು. ಅದೇ ಜೆಲ್. ಕತ್ತರಿಸಿ ನುಣುಪು ಮಾಡಿದ ಮುಖದ ಮೇಲೆ ಜಲ್ಲಿಯ ಅಂಚಿಗೆ ಕಪ್ಪು ಬಳೆ ಕಾಣುತ್ತಿತ್ತು. ಬಿರುಕು ಜಲ್ಲಿಯ ಒಳಗೇ ಹುಟ್ಟಿ ಹೊರಗಿನ ಗಾರೆಗೆ ದಾಟಿತ್ತು. ಕುಗ್ಗಿದ ಬಿರುಕು ಸಾಮಾನ್ಯವಾಗಿ ಜಲ್ಲಿಯನ್ನು ಸುತ್ತಿಕೊಂಡು ಹೋಗುತ್ತದೆ, ಅದನ್ನು ಸೀಳುವುದಿಲ್ಲ.

ಕಲ್ಲನ್ನು ತೆಳುವಾಗಿ ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುವ ಕೆಲಸ ಭೂವಿಜ್ಞಾನದವರದ್ದು. ಸಿವಿಲ್ ಲ್ಯಾಬಿನಲ್ಲಿ ಕೋರ್ ಒಡೆದು ಶಕ್ತಿಯ ಲೆಕ್ಕ ಕೊಟ್ಟರೆ ನಿಮಗೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಇದನ್ನು ಮೊದಲೇ ಕೇಳಿಕೊಂಡು ಕೊಡಿ.

ಯಾವ ಕಲ್ಲು?

ಅತಿ ಚುರುಕಾದವು ಓಪಲ್, ಚಾಲ್ಸಿಡನಿ, ಚರ್ಟ್, ಜ್ವಾಲಾಮುಖಿ ಗಾಜು. ಇವುಗಳಲ್ಲಿ ಒಂದು ವಿಚಿತ್ರವಿದೆ. ಕೆಲವು ಕಲ್ಲುಗಳು ಪೂರ್ತಿ ಇದ್ದಾಗಿನದಕ್ಕಿಂತ ಸ್ವಲ್ಪವೇ ಬೆರೆತಾಗ ಜಾಸ್ತಿ ಉಬ್ಬಿಸುತ್ತವೆ. ಓಪಲ್ ಅಂತೂ ಕೆಲವೇ ಶೇಕಡಾ ಇದ್ದರೂ ಸಾಕು. "ಒಳ್ಳೇ ಜಲ್ಲಿ ಜೊತೆ ಬೆರೆಸಿಬಿಡೋಣ" ಎಂಬ ಉಪಾಯ ಇಲ್ಲಿ ತಿರುಗಿ ಹೊಡೆಯಬಹುದು.

ನಮ್ಮ ಜಿಲ್ಲೆಯಲ್ಲಿ ಜಲ್ಲಿ ಹೆಚ್ಚಾಗಿ ಗ್ರಾನೈಟ್ ಮತ್ತು ನೈಸ್ ಕಲ್ಲಿನದ್ದು. ಒಳ್ಳೇ ಗಟ್ಟಿ ಕಲ್ಲು. ಚೆನ್ನಾಗಿ ಹರಳುಗಟ್ಟಿದ ಸ್ಫಟಿಕಶಿಲೆ ಕ್ಷಾರಕ್ಕೆ ಜಗ್ಗುವುದಿಲ್ಲ. ತೊಂದರೆ ಬರುವುದು ಭೂಮಿಯೊಳಗಿನ ಒತ್ತಡಕ್ಕೆ ಸಿಕ್ಕು ಜಜ್ಜಿ ಹೋದ ಪಟ್ಟಿಗಳಲ್ಲಿ. ಅಲ್ಲಿ ಸ್ಫಟಿಕಶಿಲೆಯ ಹರಳು ತಿರುಚಿಕೊಂಡಿರುತ್ತದೆ, ಅಂಚುಗಳು ಪುಡಿಯಾಗಿ ಅತಿ ಸಣ್ಣ ಹರಳುಗಳಾಗಿರುತ್ತವೆ. ಇಂಥದ್ದು ನಿಧಾನವಾಗಿ, ಆದರೆ ಬಿಡದೆ ಕ್ರಿಯೆ ನಡೆಸುತ್ತದೆ. ನಮ್ಮ ಗೋಡೆಯಲ್ಲಿ ಕಂಡದ್ದೂ ಇದೇ. ದೇಶದಲ್ಲಿ ಹಿರಾಕುಡ್ ಮತ್ತು ರಿಹಾಂಡ್ ಅಣೆಕಟ್ಟುಗಳು ಅಲ್ಕಲಿ ಕ್ರಿಯೆಯಿಂದ ತೊಂದರೆಗೊಳಗಾದ ಪ್ರಸಿದ್ಧ ಉದಾಹರಣೆಗಳು.

ಬರಿಗಣ್ಣಿಗೆ ಈ ಜಜ್ಜಿದ ಸ್ಫಟಿಕ ಕಾಣುವುದಿಲ್ಲ. ಒಂದೇ ಕ್ವಾರಿಯ ಒಂದು ಮೂಲೆ ಚೆನ್ನಾಗಿದ್ದು ಇನ್ನೊಂದು ಮೂಲೆ ಕೆಟ್ಟಿರಬಹುದು. ಶಿವಮೊಗ್ಗದ ಸುತ್ತಲಿನ ಶಿಲಾಪಟ್ಟಿಯಲ್ಲಿ ಕ್ವಾರ್ಟ್ಜೈಟ್, ಫಿಲೈಟ್, ಗ್ರೇವ್ಯಾಕ್ ಜೊತೆಗೆ ಚರ್ಟ್ ಪದರಗಳೂ ಇವೆ. ಆ ಕಡೆಯ ಕಲ್ಲಾದರೆ ಪರೀಕ್ಷೆ ಮಾಡಿಸದೆ ದೊಡ್ಡ ಕೆಲಸಕ್ಕೆ ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಬೇರೆ ಬಂಡೆಯ ಸೀಳಿನಲ್ಲಿ ಗಟ್ಟಿಯಾದ ಕರಿಕಲ್ಲಿನ ಪಟ್ಟಿಗಳಲ್ಲಿ, ಅಂದರೆ ಡೈಕ್‌ಗಳಲ್ಲಿ, ಬಿಡಿ ಸಿಲಿಕಾ ಕಡಿಮೆ, ಭಯವೂ ಕಡಿಮೆ. ಈಗ ಎಂ-ಸ್ಯಾಂಡ್ ಬಂದ ಮೇಲೆ ಮರಳೂ ಜಲ್ಲಿಯೂ ಒಂದೇ ಬಂಡೆಯದ್ದಾಗಿರುವುದು ಸಾಮಾನ್ಯ. ಬಂಡೆ ಕೆಟ್ಟದ್ದಾದರೆ ಎರಡೂ ಕೆಟ್ಟವೇ.

ಪರೀಕ್ಷೆಯಲ್ಲೂ ಒಂದು ಮಿತಿ ಇದೆ. ಬೇಗ ಫಲಿತಾಂಶ ಕೊಡುವ ಗಾರೆ ಪಟ್ಟಿಯ ಪರೀಕ್ಷೆಯಲ್ಲಿ 80 ಡಿಗ್ರಿ ಬಿಸಿಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಪಟ್ಟಿಯನ್ನು ಮುಳುಗಿಸಿಡುತ್ತಾರೆ. ಸುರಿದು 16 ದಿನಕ್ಕೆ ಹಿಗ್ಗುವಿಕೆ ಶೇ. 0.10ರ ಒಳಗಿದ್ದರೆ ಒಳ್ಳೇದು, 0.20 ದಾಟಿದರೆ ಅಪಾಯ, ನಡುವೆ ಬಂದರೆ ಇನ್ನಷ್ಟು ತನಿಖೆ. ಆದರೆ ಜಜ್ಜಿದ ಸ್ಫಟಿಕದಂಥ ನಿಧಾನದ ಕಲ್ಲು ಇಷ್ಟು ದಿನದಲ್ಲಿ ತನ್ನ ಗುಣ ತೋರಿಸದೆ ದಾಟಿಬಿಡಬಹುದು. ಹಾಗಾಗಿ ಮೈಕ್ರೋಸ್ಕೋಪ್ ವರದಿಯಲ್ಲಿ ಅಂಥ ಸ್ಫಟಿಕ ಕಂಡರೆ, 38 ಡಿಗ್ರಿಯಲ್ಲಿ ವರ್ಷವಿಡೀ ನಡೆಯುವ ಕಾಂಕ್ರೀಟ್ ದಿಂಡಿನ ಪರೀಕ್ಷೆಯನ್ನೇ ನಂಬಿ.

ಕ್ಷಾರದ ಲೆಕ್ಕ ಮತ್ತು ಸಿಮೆಂಟಿನ ಆಯ್ಕೆ

ಸಿಮೆಂಟಿನ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಎರಡು ಕ್ಷಾರಗಳಿರುತ್ತವೆ: ಸೋಡಿಯಂ ಆಕ್ಸೈಡ್ Na2O ಮತ್ತು ಪೊಟ್ಯಾಸಿಯಂ ಆಕ್ಸೈಡ್ K2O. ಅವನ್ನು ಒಂದೇ ಲೆಕ್ಕಕ್ಕೆ ತರುವುದು ಹೀಗೆ:

```
Na2O eq (%) = Na2O (%) + 0.658 × K2O (%)
```

ಈ ಗೋಡೆಗೆ 53 ಗ್ರೇಡ್ ಒಪಿಸಿ, ಅಂದರೆ ಬೂದಿ ಗೀದಿ ಬೆರೆಸದ ಸಾದಾ ಸಿಮೆಂಟನ್ನು, 1:1½:3 ಅಳತೆಯಲ್ಲಿ ಹಾಕಿದ್ದರು. ಅಂದರೆ ಒಂದು ಘನ ಮೀಟರಿಗೆ ಸುಮಾರು ಎಂಟು ಚೀಲ, 400 ಕೆ.ಜಿ. ಸಿಮೆಂಟಿನ ಕ್ಷಾರ ಶೇ. 0.8 ಎಂದು ಹಿಡಿದರೆ ಘನ ಮೀಟರಿಗೆ 3.2 ಕೆ.ಜಿ. ಕ್ಷಾರವಾಯಿತು. ಸಾಮಾನ್ಯವಾಗಿ ಎಚ್ಚರಿಕೆಯ ಗಡಿ ಎಂದು ಹಿಡಿಯುವ 3 ಕೆ.ಜಿ.ಯನ್ನು ಇದು ದಾಟಿತು. ಒಂದು ಚೀಲ ಕಮ್ಮಿ ಹಾಕಿದ್ದರೆ 2.8 ಆಗುತ್ತಿತ್ತು. "ಗಟ್ಟಿಯಾಗಲಿ" ಎಂದು ಸುಮ್ನೆ ಒಂದು ಚೀಲ ಜಾಸ್ತಿ ಹಾಕಿಸುವವರು ಈ ಲೆಕ್ಕ ನೋಡಬೇಕು.

ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456:2000 ಕೊಡುವ ದಾರಿಗಳು ಸ್ಪಷ್ಟ. ಕ್ಷಾರ ಶೇ. 0.6 ಮೀರದ ಸಿಮೆಂಟ್ ಬಳಸುವುದು ಒಂದು. ಅಂಥ ಸಿಮೆಂಟಿನ ಒಂದು ಪಾಲಿನ ಬದಲು ಕನಿಷ್ಠ ಶೇ. 20 ಹಾರುಬೂದಿ ಅಥವಾ ಕಬ್ಬಿಣದ ಕುಲುಮೆಯ ಕಿಟ್ಟವಾದ ಸ್ಲ್ಯಾಗನ್ನು ಕನಿಷ್ಠ ಶೇ. 50 ಹಾಕಿದರೆ ಇನ್ನೂ ಲಾಭ. ಕಡಿಮೆ ಕ್ಷಾರದ ಒಪಿಸಿ ನಮ್ಮ ಊರಿನ ಅಂಗಡಿಯಲ್ಲಿ ಕೇಳಿದರೆ ಸಿಗುವುದು ಕಷ್ಟ. ಹಾರುಬೂದಿಯ ಪಿಪಿಸಿ, ಸ್ಲ್ಯಾಗಿನ ಪಿಎಸ್‌ಸಿ ಎರಡೂ ಸಿಗುತ್ತವೆ. ಹಾರುಬೂದಿ ಸಿಮೆಂಟಿನ ಪಾಲನ್ನು ಕಡಿಮೆ ಮಾಡುವುದಷ್ಟೇ ಅಲ್ಲ. ಅದು ಸುಣ್ಣದ ಜೊತೆ ಸೇರಿ ಮಾಡುವ ಬಂಧಕ ರಂಧ್ರದ ನೀರಿನ ಕ್ಷಾರವನ್ನು ಹಿಡಿದಿಟ್ಟುಕೊಳ್ಳುತ್ತದೆ, ರಂಧ್ರಗಳನ್ನೂ ಸಣ್ಣದಾಗಿಸುತ್ತದೆ. ಕಲ್ಲಿನ ಹತ್ತಿರ ತಲುಪುವ ಕ್ಷಾರವೂ ಕಮ್ಮಿ, ನೀರೂ ಕಮ್ಮಿ.

ಇಲ್ಲೇ ಹೆಚ್ಚಿನವರು ಎಡವುವುದು. ಚೀಲದ ಮೇಲೆ ಪಿಪಿಸಿ ಎಂದಿದ್ದರೆ ಸಾಕು ಅಂದುಕೊಳ್ಳುತ್ತಾರೆ. ಪಿಪಿಸಿಯಲ್ಲಿ ಹಾರುಬೂದಿ ಶೇ. 15ರಿಂದ 35ರವರೆಗೆ ಎಷ್ಟಾದರೂ ಇರಬಹುದು. ಪಿಎಸ್‌ಸಿಯಲ್ಲಿ ಸ್ಲ್ಯಾಗ್ ಶೇ. 25ರಿಂದಲೇ ಶುರು. ಶೇ. 15 ಬೂದಿಯ ಪಿಪಿಸಿ, ಶೇ. 30 ಸ್ಲ್ಯಾಗಿನ ಪಿಎಸ್‌ಸಿ ಎರಡೂ ಅವುಗಳ ನಿಯಮಕ್ಕೆ ಸರಿಯಾದವೇ, ಆದರೆ ಈ ದೋಷ ತಡೆಯಲು ಸಾಲವು. ಆದ್ದರಿಂದ ಡೀಲರ್ ಹತ್ತಿರ ಆ ಲೋಡಿನ ಸರ್ಟಿಫಿಕೇಟ್ ತರಿಸಿ ಶೇಕಡಾ ಎಷ್ಟು ಎಂದು ಓದಿ. ಅನುಮಾನದ ಕಲ್ಲಿಗೆ ನಾನು ಬೂದಿ ಶೇ. 25ರಿಂದ 30 ಇರುವುದನ್ನೇ ಕೇಳುತ್ತೇನೆ. ಬೂದಿಯಲ್ಲಿ ಸುಣ್ಣದ ಅಂಶ ಕಡಿಮೆ ಇರಬೇಕು. ಸುಣ್ಣ ಹೆಚ್ಚಿದ್ದರೆ ಅಷ್ಟು ಕೆಲಸ ಮಾಡುವುದಿಲ್ಲ.

ಇವೆರಡೂ ನಿಧಾನವಾಗಿ ಗಟ್ಟಿಯಾಗುವ ಸಿಮೆಂಟುಗಳು. ಮಳೆಗಾಲದ ತಂಪಿನಲ್ಲಿ ಇನ್ನೂ ನಿಧಾನ. ಸೆಂಟ್ರಿಂಗ್ ಬಿಚ್ಚಲು ಅವಸರ ಮಾಡಬೇಡಿ. ಕ್ಯೂರಿಂಗ್ ಕನಿಷ್ಠ 10 ದಿನ ಇರಲಿ, 14 ಆದರೆ ಒಳ್ಳೇದು.

ಆಗಿಹೋದ ಗೋಡೆಗೆ ಏನು ಮಾಡುವುದು?

ಒಳಗಿನ ಕ್ರಿಯೆಯನ್ನು ನಿಲ್ಲಿಸುವ ಔಷಧ ಇಲ್ಲ. ಲಿಥಿಯಂ ದ್ರಾವಣ ಬಳಿಯುವ ಪದ್ಧತಿ ಇದೆ, ಆದರೆ ಗಟ್ಟಿ ಕಾಂಕ್ರೀಟಿನೊಳಗೆ ಅದು ಇಳಿಯುವುದು ಬಹಳ ಸ್ವಲ್ಪ. ನಮ್ಮ ಕೈಯಲ್ಲಿರುವುದು ನೀರು. ನೀರು ನಿವಾರಕ ಸಿಲೇನ್ ಹೊಡೆಸಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ನಾಲ್ಕೂ ಕಡೆ ಗಾಳಿಯಾಡುವ ಕಂಬಕ್ಕೆ ಅದು ಒಳ್ಳೇದೇ, ಒಳಗಿನ ತೇವ ಆವಿಯಾಗಿ ಹೋಗಲು ಬಿಡುತ್ತದೆ. ಹಿಂದಿನಿಂದ ಧರೆಯ ನೀರು ಕುಡಿಯುತ್ತಿರುವ ಗೋಡೆಯ ಮುಂದೆ ಮಾತ್ರ ಹೊಡೆದರೆ ಏನು ಪ್ರಯೋಜನ?

ಹಾಗಾಗಿ ಮೊದಲು ಮಾಡಿಸಿದ್ದು ನೀರಿನ ದಾರಿ. ಗೋಡೆಯ ನೀರುಕಂಡಿಗಳು ಮಣ್ಣು ತುಂಬಿ ಪೂರ್ತಿ ಮುಚ್ಚಿಹೋಗಿದ್ದವು. ಅವನ್ನು ಕೊರೆದು ಬಿಡಿಸಿದರು. ಧರೆಯ ಮೇಲೆ ಚರಂಡಿ ತೆಗೆದು ಮಳೆನೀರನ್ನು ಪಕ್ಕಕ್ಕೆ ತಿರುಗಿಸಿದರು. ಗೋಡೆಯ ತಲೆಗೆ ನೀರು ಹಿಂದಕ್ಕೆ ಜಾರುವಂತೆ ಇಳಿಜಾರು ಹಾಸು ಕೊಟ್ಟರು. ಮುಚ್ಚಿದ್ದ ಜಾಯಿಂಟನ್ನು ಗರಗಸದಿಂದ ಕೊಯ್ದು ಉಬ್ಬಲು ಜಾಗ ಬಿಟ್ಟು ಮೆತ್ತನೆಯ ಸೀಲೆಂಟ್ ತುಂಬಿದರು. ಬಿರುಕಿಗೆ ಎಪಾಕ್ಸಿ ಅಥವಾ ಸಿಮೆಂಟ್ ಹಾಲು ತುಂಬಿಸಲು ನಾನು ಒಪ್ಪಲಿಲ್ಲ. ಕ್ರಿಯೆ ಇನ್ನೂ ನಡೆಯುತ್ತಿರುವಾಗ ಒಂದು ಬಿರುಕನ್ನು ಗಟ್ಟಿ ಮಾಡಿದರೆ ಅದರ ಪಕ್ಕದಲ್ಲೇ ಇನ್ನೊಂದು ಬರುತ್ತದೆ. ಗಿಲಾವ್ ಮಾಡಿ ಮುಚ್ಚುವುದು ಇನ್ನೂ ಕೆಟ್ಟದ್ದು, ಆಮೇಲೆ ಅಳೆಯಲೂ ಏನೂ ಕಾಣುವುದಿಲ್ಲ.

ಗೋಡೆ ವಾಲಿಲ್ಲ ಎಂದು ತೂಕದ ಗುಂಡು ಬಿಟ್ಟು ಪ್ರತಿ ಅಳತೆಯ ಹೊತ್ತಿಗೆ ನೋಡಬೇಕು. ವಾಲಿದರೆ, ಅಥವಾ ಇದೇ ಜಾಲ ಮನೆಯ ಕಂಬ, ನೀರಿನ ಟ್ಯಾಂಕ್, ಕಾಲುಸೇತುವೆಯಂಥ ಭಾರ ಹೊರುವ ಭಾಗದಲ್ಲಿ ಕಂಡರೆ, ವರ್ಷಗಟ್ಟಲೆ ಅಳೆಯುತ್ತಾ ಕೂರದೆ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. ಕೋರ್ ವರದಿ, ಬಿರುಕಿನ ಅಳತೆ, ಹಾಕಿದ್ದ ಸಿಮೆಂಟಿನ ಜಾತಿ ಮತ್ತು ಚೀಲದ ಲೆಕ್ಕ, ಜಲ್ಲಿ ಯಾವ ಕ್ವಾರಿಯದ್ದು ಎಂಬುದು, ಇಷ್ಟನ್ನು ಬರೆದು ಅವರ ಕೈಗೆ ಕೊಡಿ.